ಮಾಸಿನಲ್ಲಿ ಅಡಗುವ ಮಲೇರಿಯಾ

ಪಶ್ಚಿಮ ಕೀನ್ಯಾದ ಕಿಸುಮು ಸುತ್ತಮುತ್ತ ಮಲೇರಿಯಾ ವರ್ಷವಿಡೀ ಕಾಡುತ್ತದೆ. ಬಾಲ್ಯದಿಂದ ಜ್ವರ ಎದುರಿಸಿದ ಅಲ್ಲಿನ ಹೆಣ್ಣುಮಕ್ಕಳಿಗೆ ದೊಡ್ಡವರಾಗುವ ಹೊತ್ತಿಗೆ ಸಾಕಷ್ಟು ರೋಗನಿರೋಧಕ ಶಕ್ತಿ ಬಂದಿರುತ್ತದೆ. ಆದರೂ ಚೊಚ್ಚಲ ಬಸಿರಿನಲ್ಲಿ ಅವರು ಮತ್ತೆ ಸುಲಭವಾಗಿ ಸೋಲುತ್ತಾರೆ. ಏಕೆ?

ಉತ್ತರ ಮಾಸಿನಲ್ಲಿದೆ. 1996ರಲ್ಲಿ ಮಿಷಲ್ ಫ್ರೀಡ್ ಮತ್ತು ಪ್ಯಾಟ್ರಿಕ್ ಡಫಿ ಇದನ್ನು ತೋರಿಸಿದರು. ಫಾಲ್ಸಿಪಾರಂ ಪರಾವಲಂಬಿ ಹೊಕ್ಕ ಕೆಂಪು ರಕ್ತಕಣಗಳು ಮಾಸಿನಲ್ಲಿರುವ ಕಾಂಡ್ರಾಯಿಟಿನ್ ಸಲ್ಫೇಟ್ ಎಂಬ ಸಕ್ಕರೆಸರಪಳಿಗೆ ಅಂಟಿಕೊಳ್ಳುತ್ತವೆ. ಮಾಸು ಹೊಸ ಅಂಗವಾದ್ದರಿಂದ ಈ ಬಗೆಯ ಪರಾವಲಂಬಿಯ ಪರಿಚಯ ದೇಹಕ್ಕೆ ಇರುವುದಿಲ್ಲ. ಮುಂದಿನ ಬಸಿರುಗಳಲ್ಲಿ ಪ್ರತಿಕಾಯಗಳು ಹೆಚ್ಚಿ, ಅಪಾಯ ತಗ್ಗುತ್ತದೆ.

ಅಡಗಿದ ಪರಾವಲಂಬಿ ಬೆರಳ ತುದಿಯ ರಕ್ತದಲ್ಲಿ ಕಾಣದೇ ಹೋಗಬಹುದು. ತಾಯಿಗೆ ಜ್ವರವೂ ಇರದಿರಬಹುದು. ಆದರೆ ಮಾಸು ಉರಿಯೂತಕ್ಕೊಳಗಾಗಿ ಮಗುವಿಗೆ ಪೋಷಣೆ ಕುಗ್ಗುತ್ತದೆ. ತಾಯಿಗೆ ತೀವ್ರ ರಕ್ತಹೀನತೆ, ಮಗುವಿಗೆ ಕಡಿಮೆ ತೂಕ, ಅವಧಿಪೂರ್ವ ಹೆರಿಗೆ, ಕೆಲವೊಮ್ಮೆ ಗರ್ಭದಲ್ಲೇ ಸಾವು ಇದರ ಪರಿಣಾಮ.

ಹೀಗಾಗಿ ಆಫ್ರಿಕಾದ ಮಲೇರಿಯಾ ಪೀಡಿತ ಪ್ರದೇಶಗಳಲ್ಲಿ ಪರೀಕ್ಷೆಗೆ ಕಾಯದೆ, ನಾಲ್ಕನೇ ತಿಂಗಳಿನಿಂದ ಸಲ್ಫಾಡಾಕ್ಸಿನ್-ಪೈರಿಮೆಥಮಿನ್ ಕೊಡುತ್ತಾರೆ. ಒಮ್ಮೆಗೆ 3 ಮಾತ್ರೆ, ತಿಂಗಳಾದರೂ ಅಂತರವಿಟ್ಟು, ಹೆರಿಗೆಯೊಳಗೆ ಕನಿಷ್ಠ 3 ಬಾರಿ. ದಿನಕ್ಕೆ 5 ಮಿಲಿಗ್ರಾಂ ಫೋಲಿಕ್ ಆಮ್ಲ ಸೇವಿಸಿದರೆ ಔಷಧದ ಬಲ ಕುಗ್ಗುತ್ತದೆ, 0.4 ಮಿಲಿಗ್ರಾಂ ಸಾಕು. ಎಚ್‌ಐವಿಗಾಗಿ ಕೋಟ್ರಿಮಾಕ್ಸಜೋಲ್ ತೆಗೆದುಕೊಳ್ಳುವವರಿಗೆ ಇದನ್ನು ಕೊಡುವಂತಿಲ್ಲ.

ಭಾರತದಲ್ಲಿ ಈ ಪದ್ಧತಿ ಇಲ್ಲ. ಪರೀಕ್ಷಿಸಿ ಚಿಕಿತ್ಸೆ ನೀಡುವುದೇ ಇಲ್ಲಿನ ಕ್ರಮ. ಆದ್ದರಿಂದ ಗರ್ಭಿಣಿಯರು ಸೊಳ್ಳೆಪರದೆ ಬಿಡಬಾರದು, ಜ್ವರ ಬಂದ ದಿನವೇ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.