ಖಾಲಿ ಸ್ಟ್ಯಾಕಿನ ತೀರ್ಪು

`([)]` ಎಂಬ ಈ ನಾಲ್ಕು ಗುರುತುಗಳನ್ನು ನೋಡಿ. ದುಂಡು ಬ್ರಾಕೆಟ್ ಒಂದು ತೆರೆದಿದೆ, ಒಂದು ಮುಚ್ಚಿದೆ. ಚೌಕ ಬ್ರಾಕೆಟ್ಟಿನದೂ ಅಷ್ಟೇ. ಎಣಿಸಿದರೆ ಲೆಕ್ಕ ಸರಿಯಾಗಿಯೇ ಇದೆ. ಆದರೆ ಒಳಗೆ ತೆರೆದ ಚೌಕ ಬ್ರಾಕೆಟ್ ಮುಚ್ಚುವ ಮೊದಲೇ ಹೊರಗಿನ ದುಂಡು ಬ್ರಾಕೆಟ್ ಮುಚ್ಚಿಹೋಗಿದೆ. ಪ್ರೋಗ್ರಾಂ ಬರೆಯುವವರು ಹೀಗೆ ಬರೆದರೆ ಕಂಪೈಲರ್ ಅಲ್ಲೇ ತಡೆಯುತ್ತದೆ. ಬರೀ ಎಣಿಕೆಯಿಂದ ಸಿಗದ ಈ ತಪ್ಪು ಅದಕ್ಕೆ ಹೇಗೆ ಗೊತ್ತಾಗುತ್ತದೆ?

ಮೊದಲು, ಸರಿಯಾದದ್ದು ಯಾವುದು ಎಂಬುದಕ್ಕೆ ಒಂದು ನಿಯಮ ಬೇಕು. ಅದನ್ನು ಮೂರೇ ಸಾಲಿನಲ್ಲಿ ಬರೆಯಬಹುದು:

```
S → ( S ) S
S → [ S ] S
S → ε
```

ಇಲ್ಲಿ `S` ಎಂದರೆ "ಸರಿಯಾಗಿ ಹೊಂದಿಕೊಂಡ ಬ್ರಾಕೆಟ್ ಸಾಲು". ಬಾಣದ ಗುರುತನ್ನು "ಬದಲಿಗೆ ಇದನ್ನು ಹಾಕಬಹುದು" ಎಂದು ಓದಿಕೊಳ್ಳಿ. `ε` ಎಂದರೆ ಏನೂ ಇಲ್ಲ. `S` ಅನ್ನು ಸುಮ್ಮನೆ ಅಳಿಸಿಬಿಡಬಹುದು ಎಂದರ್ಥ. ಇಂಥ ನಿಯಮಗಳ ಗುಂಪಿಗೆ ಕಾಂಟೆಕ್ಸ್ಟ್-ಫ್ರೀ ಗ್ರಾಮರ್ ಎನ್ನುತ್ತಾರೆ. `S` ಎಲ್ಲೇ ಇರಲಿ, ಅದರ ಅಕ್ಕಪಕ್ಕ ಏನಿದೆ ಎಂದು ನೋಡದೆ ಬದಲಾಯಿಸಬಹುದು. ನೋಮ್ ಚಾಮ್‌ಸ್ಕಿ 1950ರ ದಶಕದಲ್ಲಿ ಮನುಷ್ಯರ ಭಾಷೆಯ ವಾಕ್ಯರಚನೆಯನ್ನು ವಿವರಿಸಲು ಇಂಥ ನಿಯಮಗಳನ್ನು ರೂಪಿಸಿದರು. ಕೆಲವೇ ವರ್ಷಗಳಲ್ಲಿ, 1960ರ ಆಲ್ಗಾಲ್ ವರದಿಯೊಂದಿಗೆ, ಅವು ಪ್ರೋಗ್ರಾಮಿಂಗ್ ಭಾಷೆಗಳ ಮನೆಗೆ ಬಂದು ಸೇರಿಕೊಂಡವು.

ಆದರೆ ಈ ನಿಯಮಗಳು ಸರಿಯಾದ ಸಾಲನ್ನು ಹೇಗೆ ಕಟ್ಟುವುದೆಂದು ಹೇಳುತ್ತವೆ, ಅಷ್ಟೇ. ಎದುರಿಗೆ ಇಟ್ಟ ಸಾಲು ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಯಂತ್ರ ಬೇರೆಯೇ ಬೇಕು. ಆ ಯಂತ್ರವೇ ಪುಶ್‌ಡೌನ್ ಆಟೋಮೇಟನ್. ಚಾಮ್‌ಸ್ಕಿ, ಫ್ರಾನ್ಸಿನ ಮಾರ್ಸೆಲ್-ಪಾಲ್ ಶುಟ್ಜೆನ್‌ಬರ್ಜೆ ಮತ್ತು ಜೇಮ್ಸ್ ಈವಿ 1962-63ರ ಸುಮಾರಿಗೆ ಒಂದು ವಿಷಯವನ್ನು ತೋರಿಸಿಕೊಟ್ಟರು: ಇಂಥ ಪ್ರತಿಯೊಂದು ಗ್ರಾಮರ್‌ಗೂ ಒಂದು ಪುಶ್‌ಡೌನ್ ಆಟೋಮೇಟನ್ ಇದ್ದೇ ಇರುತ್ತದೆ. ಅದನ್ನು ಕಟ್ಟಲು ಜಾಣತನವೇನೂ ಬೇಡ. ಗ್ರಾಮರನ್ನು ನೋಡಿಕೊಂಡು ಕಣ್ಣುಮುಚ್ಚಿ ಬರೆಯಬಹುದು ಎನ್ನುವಷ್ಟು ಯಾಂತ್ರಿಕವಾದ ಕೆಲಸ ಅದು.

ಯಂತ್ರದ ಭಾಗಗಳು ಎರಡೇ. ಒಂದು, ಪರೀಕ್ಷಿಸಬೇಕಾದ ಸಾಲನ್ನು ಎಡದಿಂದ ಬಲಕ್ಕೆ ಒಂದೊಂದೇ ಗುರುತಾಗಿ ಓದುವ ಕಣ್ಣು. ಓದಿದ್ದರ ಕಡೆಗೆ ಅದು ಹಿಂತಿರುಗಿ ನೋಡುವಂತಿಲ್ಲ. ಇನ್ನೊಂದು, ಸ್ಟ್ಯಾಕ್. ಕಿರಾಣಿ ಅಂಗಡಿಯ ಗಲ್ಲಾದ ಪಕ್ಕದಲ್ಲಿ ಚೀಟಿ ಚುಚ್ಚಿಡುವ ಕಂಬಿ ಇರುತ್ತದಲ್ಲ, ಹಾಗೆ. ಕೊನೆಗೆ ಚುಚ್ಚಿದ್ದು ಮೇಲಿರುತ್ತದೆ, ತೆಗೆಯುವಾಗ ಮೊದಲು ಕೈಗೆ ಸಿಗುವುದೂ ಅದೇ. ಕೆಳಗಿನ ಚೀಟಿಯಲ್ಲಿ ಏನಿದೆ ಎಂದು ನೋಡಬೇಕಾದರೆ ಮೇಲಿನದನ್ನು ತೆಗೆಯಲೇಬೇಕು.

ಶುರುವಿನಲ್ಲಿ ಸ್ಟ್ಯಾಕಿನ ಮೇಲೆ `S` ಒಂದೇ ಇರುತ್ತದೆ. ಆಮೇಲೆ ಯಂತ್ರಕ್ಕೆ ಎರಡು ಬಗೆಯ ನಡೆಗಳಿವೆ. ಸ್ಟ್ಯಾಕಿನ ತುದಿಯಲ್ಲಿ `S` ಇದ್ದರೆ, ಸಾಲಿನಿಂದ ಏನನ್ನೂ ಓದದೆ ಅದನ್ನು ತೆಗೆದು, ಮೂರು ನಿಯಮಗಳಲ್ಲಿ ಯಾವುದಾದರೂ ಒಂದರ ಬಲಭಾಗವನ್ನು ಅಲ್ಲಿ ಇಡಬಹುದು. ಇದು ವಿಸ್ತರಣೆ. ತುದಿಯಲ್ಲಿ ಬ್ರಾಕೆಟ್ ಇದ್ದರೆ, ಸಾಲಿನಲ್ಲಿ ಮುಂದೆ ಕಾಣುವ ಗುರುತೂ ಅದೇ ಆಗಿರಬೇಕು. ಆಗಿದ್ದರೆ ಅಲ್ಲಿ ಒಂದು ಗುರುತು ಓದಿ, ಇಲ್ಲಿ ಒಂದನ್ನು ತೆಗೆದು ಮುಂದೆ ಹೋಗುತ್ತದೆ. ಇದು ಹೊಂದಾಣಿಕೆ. ಗುರುತು ಬೇರೆಯಾಗಿದ್ದರೆ ಆ ದಾರಿ ಅಲ್ಲಿಗೆ ಮುಗಿಯಿತು. ಸಾಲು ಪೂರ್ತಿ ಓದಿ ಮುಗಿದಾಗ ಸ್ಟ್ಯಾಕ್ ಕೂಡ ಖಾಲಿಯಾಗಿದ್ದರೆ ಸಾಲು ಸರಿ. ಪ್ರತಿ ನಿಯಮಕ್ಕೆ ಒಂದು ವಿಸ್ತರಣೆ, ಪ್ರತಿ ಗುರುತಿಗೆ ಒಂದು ಹೊಂದಾಣಿಕೆ ಎಂದು ಲೆಕ್ಕ ಹಾಕಿದರೆ ನಮ್ಮ ಯಂತ್ರದ ನಡೆಗಳು ಒಟ್ಟು ಏಳು. ಪಠ್ಯಪುಸ್ತಕದ ಆಟೋಮೇಟನ್‌ಗಳಲ್ಲಿ ಕಾಣುವ ಹತ್ತಾರು ಸ್ಥಿತಿಗಳ ವೃತ್ತ-ಬಾಣಗಳ ಚಿತ್ರ ಇಲ್ಲಿ ಬೇಕಿಲ್ಲ. ಸ್ಥಿತಿ ಒಂದೇ, ನೆನಪಿನ ಹೊರೆಯನ್ನೆಲ್ಲ ಸ್ಟ್ಯಾಕೇ ಹೊರುತ್ತದೆ.

`[()]` ಕೊಟ್ಟು ನೋಡೋಣ. ಎಡಗಡೆ ಇರುವುದು ಇನ್ನೂ ಓದಬೇಕಾದ ಭಾಗ, ಬಲಗಡೆ ಸ್ಟ್ಯಾಕ್. ಸ್ಟ್ಯಾಕಿನ ತುದಿ ಎಡಕ್ಕಿದೆ.

```
[()]    S
[()]    [S]S
()]     S]S
()]     (S)S]S
)]      S)S]S
)]      )S]S
]       S]S
]       ]S
-       S
-       -
```

ನಾಲ್ಕನೆಯ ಸಾಲಿನಲ್ಲಿ ಸ್ವಲ್ಪ ನಿಲ್ಲಿ. ಯಂತ್ರ ಆಗಲೇ `[` ಅನ್ನು ಓದಿ ಮುಗಿಸಿದೆ, ಸ್ಟ್ಯಾಕಿನಲ್ಲಿ `(S)S]S` ಇದೆ. ಓದಿದ್ದನ್ನೂ ಸ್ಟ್ಯಾಕಿನಲ್ಲಿರುವುದನ್ನೂ ಪಕ್ಕಪಕ್ಕ ಇಟ್ಟರೆ `[(S)S]S` ಆಗುತ್ತದೆ. ಇದು ಮೊದಲ `S`ನಿಂದ ಶುರುಮಾಡಿ, ಪ್ರತಿ ಸಲವೂ ತೀರಾ ಎಡಗಡೆಯ `S` ಅನ್ನೇ ಬದಲಾಯಿಸುತ್ತ ಬಂದರೆ ಸಿಗುವ ಮಧ್ಯದ ರೂಪ. ಬೇರೆ ಯಾವ ಸಾಲನ್ನು ತೆಗೆದುಕೊಂಡರೂ ಹೀಗೆಯೇ: ಓದಿದ್ದು ಮತ್ತು ಸ್ಟ್ಯಾಕ್ ಸೇರಿದರೆ ಯಾವಾಗಲೂ ಗ್ರಾಮರ್ ಕೊಡುವ ಒಂದು ರೂಪವೇ ಬರುತ್ತದೆ. ಹೊಂದಾಣಿಕೆಯ ನಡೆ ಒಂದು ಗುರುತನ್ನು ಸ್ಟ್ಯಾಕಿನಿಂದ ಓದಿದ ಭಾಗಕ್ಕೆ ದಾಟಿಸುತ್ತದೆ, ಒಟ್ಟು ರೂಪ ಬದಲಾಗುವುದಿಲ್ಲ. ವಿಸ್ತರಣೆಯ ನಡೆ ಒಂದು ನಿಯಮವನ್ನು ಹಚ್ಚುತ್ತದೆ, ಅಷ್ಟೇ. ಹಾಗಾಗಿ ಕೊನೆಯಲ್ಲಿ ಸ್ಟ್ಯಾಕ್ ಖಾಲಿಯಾಯಿತು ಎಂದರೆ ಓದಿದ ಸಾಲೇ ಗ್ರಾಮರ್ ಕಟ್ಟಿಕೊಟ್ಟ ಸಾಲು. ಸ್ಟ್ಯಾಕಿನಲ್ಲಿ ಉಳಿದಿರುವುದೆಲ್ಲ ಇನ್ನೂ ಬರಬೇಕಾದ ಬಾಕಿ. ಬಾಕಿ ತೀರಿದೆಯೇ ಎಂಬುದೇ ಇಲ್ಲಿಯ ಏಕೈಕ ಪ್ರಶ್ನೆ. ಅದಕ್ಕೇ "ಅಂತಿಮ ಸ್ಥಿತಿ" ಎಂದು ಬೇರೆ ಗುರುತು ಹಾಕುವ ಅಗತ್ಯ ಈ ಯಂತ್ರಕ್ಕಿಲ್ಲ.

ಇನ್ನು `([)]`. `S` ಅನ್ನು `(S)S` ಎಂದು ವಿಸ್ತರಿಸಿ `(` ಹೊಂದಿಸಿದೆವು. ಮೇಲೆ ಬಂದ `S` ಅನ್ನು `[S]S` ಎಂದು ವಿಸ್ತರಿಸಿ `[` ಹೊಂದಿಸಿದೆವು. ಈಗ ಸ್ಟ್ಯಾಕಿನಲ್ಲಿ `S]S)S` ಇದೆ, ಓದಬೇಕಾದ್ದು `)]`. ತುದಿಯ `S` ಅನ್ನು ಅಳಿಸಿದರೆ `]` ಮೇಲೆ ಬರುತ್ತದೆ, ಸಾಲಿನಲ್ಲಿರುವುದು `)`. ವಿಸ್ತರಿಸಿದರೆ ತೆರೆಯುವ ಬ್ರಾಕೆಟ್ ಮೇಲೆ ಬರುತ್ತದೆ, ಅದೂ ಕೂಡುವುದಿಲ್ಲ. ದಾರಿಗಳೆಲ್ಲ ಮುಚ್ಚಿದವು. ಎಣಿಕೆಗೆ ತಪ್ಪಿಸಿಕೊಂಡದ್ದು ಇಲ್ಲಿ ಸಿಕ್ಕಿಬಿದ್ದಿತು, ಏಕೆಂದರೆ ಯಾವ ಬಾಕಿ ಮೊದಲು ತೀರಬೇಕು ಎಂಬ ಕ್ರಮವೂ ಸ್ಟ್ಯಾಕಿನಲ್ಲಿದೆ.

ಆ ಕ್ರಮವನ್ನು ಸ್ಟ್ಯಾಕಿಗೆ ಹಾಕುವಾಗಲೇ ಎಡವುವವರು ಬಹಳ. ನಿಯಮದ ಬಲಭಾಗವನ್ನು ಕೊನೆಯಿಂದ ಶುರುಮಾಡಿ ಒಂದೊಂದಾಗಿ ಹಾಕಬೇಕು, ಆಗಲೇ ಮೊದಲ ಗುರುತು ತುದಿಗೆ ಬರುವುದು. ಬರೆದ ಕ್ರಮದಲ್ಲೇ ಹಾಕಿಬಿಟ್ಟರೆ ಯಂತ್ರ ಕೆಟ್ಟು ನಿಲ್ಲುವುದಿಲ್ಲ, ಆರಾಮಾಗಿ ಓಡುತ್ತದೆ; ಗುರುತಿಸುವುದು ಮಾತ್ರ ತಲೆಕೆಳಗಾದ ಭಾಷೆಯನ್ನು. ಪತ್ತೆ ಹಚ್ಚುವುದು ಸುಲಭ: `][` ಕೊಟ್ಟು ನೋಡಿ. ತಪ್ಪು ಕ್ರಮದಲ್ಲಿ ತುದಿಯಿಂದ ಕೆಳಗೆ `S`, `]`, `S`, `[` ಎಂದು ಕೂತಿರುತ್ತದೆ. ಎರಡೂ `S` ಅಳಿಸಿದರೆ `][` ಸರಿ ಎಂದೇ ತೀರ್ಪು ಬರುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಸಾಲುಗಳ ಗ್ರಾಮರ್ ಇಟ್ಟುಕೊಂಡು ಪರೀಕ್ಷಿಸಿದರೆ ಈ ತಪ್ಪು ಎಂದೂ ಕಾಣಿಸದು.

ಮೇಲಿನ ಉದಾಹರಣೆಯಲ್ಲಿ ಒಂದು ವಿಷಯವನ್ನು ಮೆಲ್ಲಗೆ ದಾಟಿಸಿಬಿಟ್ಟೆ. ಪ್ರತಿ ಸಲ ಯಾವ ನಿಯಮ ಆರಿಸಬೇಕೆಂದು ಯಂತ್ರಕ್ಕೆ ಹೇಗೆ ತಿಳಿಯಿತು? ಸಿದ್ಧಾಂತದ ಉತ್ತರ ಕೊಂಚ ಉಡಾಫೆಯದು: ಅದಕ್ಕೆ ತಿಳಿಯಬೇಕಾಗಿಯೇ ಇಲ್ಲ. ಇದು ನಾನ್‌ಡಿಟರ್ಮಿನಿಸ್ಟಿಕ್ ಯಂತ್ರ. ಹೋಗಬಹುದಾದ ದಾರಿಗಳಲ್ಲಿ ಒಂದಾದರೂ ಖಾಲಿ ಸ್ಟ್ಯಾಕಿಗೆ ಮುಟ್ಟಿದರೆ ಸಾಲು ಸರಿ. ಮಿಕ್ಕ ದಾರಿಗಳು ಎಷ್ಟು ಸೋತರೂ ಲೆಕ್ಕಕ್ಕಿಲ್ಲ. ನಿಜವಾದ ಕಂಪ್ಯೂಟರಿಗೆ ಈ ಸೌಲಭ್ಯ ಇಲ್ಲ. ಅದೃಷ್ಟಕ್ಕೆ ನಮ್ಮ ಬ್ರಾಕೆಟ್ ಗ್ರಾಮರಿನಲ್ಲಿ ಮುಂದಿನ ಒಂದು ಗುರುತನ್ನು ಇಣುಕಿ ನೋಡಿದರೆ ಸಾಕು. `(` ಕಂಡರೆ ಮೊದಲ ನಿಯಮ, `[` ಕಂಡರೆ ಎರಡನೆಯದು, ಬೇರೇನು ಕಂಡರೂ ಅಳಿಸು. ಹೀಗೆ ಇಣುಕಿ ನಡೆಯುವ ಪಾರ್ಸರ್‌ಗಳನ್ನು `LL(1)` ಎನ್ನುತ್ತಾರೆ.

ಅದೇ ಬ್ರಾಕೆಟ್ ಭಾಷೆಗೆ ಕೆಲವರು `S → SS` ಎಂಬ ನಿಯಮವಿರುವ ಗ್ರಾಮರ್ ಬರೆಯುತ್ತಾರೆ. ಕಾಗದದ ಮೇಲೆ ಅದು ಹೆಚ್ಚು ಚೆಂದ. ಯಂತ್ರ ಕಟ್ಟುವ ಕ್ರಮವೂ ಅದೇ, ಗುರುತಿಸುವ ಭಾಷೆಯೂ ಸರಿಯಾಗಿರುತ್ತದೆ. ಆದರೆ ನಿಯಮಗಳನ್ನು ಒಂದಾದ ಮೇಲೊಂದು ಪ್ರಯತ್ನಿಸುವ ಪ್ರೋಗ್ರಾಂ ಆಗಿ ಬರೆದರೆ ಕಷ್ಟ ಶುರು. ತುದಿಯ `S` ತೆಗೆದು `SS` ಇಟ್ಟರೆ ತುದಿಯಲ್ಲಿ ಮತ್ತೆ `S` ಇರುತ್ತದೆ, ಅದನ್ನೂ ವಿಸ್ತರಿಸಿದರೆ ಮತ್ತೊಂದು. ಸಾಲಿನಿಂದ ಒಂದೂ ಗುರುತು ಓದದೆ ಸ್ಟ್ಯಾಕ್ ಬೆಳೆಯುತ್ತಲೇ ಹೋಗುತ್ತದೆ. ಪ್ರೋಗ್ರಾಂ ಸ್ತಬ್ಧವಾದಾಗ ಎರಡು ಸಂಖ್ಯೆಗಳನ್ನು ಮುದ್ರಿಸಿ ನೋಡಿ: ಓದಿದ ಗುರುತುಗಳ ಸಂಖ್ಯೆ ನಿಂತಲ್ಲೇ ನಿಂತು ಸ್ಟ್ಯಾಕಿನ ಉದ್ದ ಮಾತ್ರ ಏರುತ್ತಿದ್ದರೆ ರೋಗ ಇದೇ. ಷೀಲಾ ಗ್ರೈಬಾಕ್ 1965ರಲ್ಲಿ ಇದಕ್ಕೆ ಮದ್ದು ಕೊಟ್ಟರು. ಖಾಲಿ ಸಾಲೊಂದನ್ನು ಪಕ್ಕಕ್ಕಿಟ್ಟರೆ, ಯಾವ ಕಾಂಟೆಕ್ಸ್ಟ್-ಫ್ರೀ ಗ್ರಾಮರನ್ನಾದರೂ ಪ್ರತಿ ನಿಯಮದ ಬಲಭಾಗ ಓದಬಲ್ಲ ಗುರುತಿನಿಂದಲೇ ಶುರುವಾಗುವಂತೆ ತಿದ್ದಿ ಬರೆಯಬಹುದು. ಆಗ ಪ್ರತಿ ವಿಸ್ತರಣೆಯ ಬೆನ್ನಿಗೇ ಒಂದು ಗುರುತು ಓದಲೇಬೇಕು, ಸುತ್ತುತ್ತ ಕೂರಲು ಜಾಗವಿಲ್ಲ.

ಖಾಲಿ ಸ್ಟ್ಯಾಕಿನ ತೀರ್ಪಿಗೂ ಒಂದು ಚಿತ್ರವಾದ ತೊಡಕಿದೆ. ಸ್ಟ್ಯಾಕ್ ಖಾಲಿಯಾದ ಯಂತ್ರ ಮುಂದೆ ಒಂದು ಹೆಜ್ಜೆಯನ್ನೂ ಇಡಲಾರದು, ಏಕೆಂದರೆ ಪ್ರತಿ ನಡೆಗೂ ತುದಿಯ ಗುರುತು ಬೇಕು. `()[]` ಎಂಬ ಸಾಲಿನಲ್ಲಿ `()` ಮುಗಿದಾಗ ಸ್ಟ್ಯಾಕಿನಲ್ಲಿ ಒಂದು `S` ಉಳಿದಿರುತ್ತದೆ. ಅದನ್ನು ಅಳಿಸುವ ದಾರಿಯಲ್ಲಿ ಸ್ಟ್ಯಾಕ್ ಖಾಲಿ, ಆದರೆ `[]` ಓದದೆ ಉಳಿಯಿತು. ಆ ದಾರಿ ಸೋತಿತು. ವಿಸ್ತರಿಸುವ ದಾರಿ ಗೆಲ್ಲುತ್ತದೆ. ಎರಡೂ ದಾರಿ ಹಿಡಿಯಬಲ್ಲ ಯಂತ್ರಕ್ಕೆ ಇದು ಸಮಸ್ಯೆಯಲ್ಲ. ಒಂದೇ ದಾರಿ ಹಿಡಿಯುವ ಡಿಟರ್ಮಿನಿಸ್ಟಿಕ್ ಯಂತ್ರಕ್ಕೆ ಮಾತ್ರ ಪೇಚು. `()` ಅನ್ನು ಒಪ್ಪಬೇಕಾದರೆ ಅಲ್ಲಿಗೆ ಸ್ಟ್ಯಾಕ್ ಖಾಲಿಯಾಗಬೇಕು. ಖಾಲಿಯಾದರೆ `()[]` ಅನ್ನು ಮುಂದೆ ಓದಲಾಗದು. ಒಪ್ಪಬೇಕಾದ ಒಂದು ಸಾಲು ಮತ್ತೊಂದರ ಮೊದಲ ತುಂಡಾಗಿದ್ದರೆ ಎರಡನ್ನೂ ಖಾಲಿ ಸ್ಟ್ಯಾಕಿನಿಂದ ಒಪ್ಪಿಸುವುದು ಅದರಿಂದ ಆಗುವುದೇ ಇಲ್ಲ.

ಪಾರ್ಸರ್ ಬರೆಯುವವರು ಇದನ್ನು ಒಂದೇ ಗುರುತಿನಿಂದ ಬಗೆಹರಿಸುತ್ತಾರೆ. ಸಾಲಿನ ಕೊನೆಗೆ `$` ಸೇರಿಸಿ, ಸ್ಟ್ಯಾಕಿನ ತಳದಲ್ಲೂ `S`ನ ಕೆಳಗೆ ಒಂದು `$` ಇಡುತ್ತಾರೆ. ಈಗ `()$` ಎಂಬುದು `()[]$`ನ ಮೊದಲ ತುಂಡಲ್ಲ. `()` ಆದ ಮೇಲೆ ಯಂತ್ರ ಇಣುಕಿದಾಗ `[` ಕಂಡರೆ ವಿಸ್ತರಿಸುತ್ತದೆ. `$` ಕಂಡರೆ `S` ಅಳಿಸಿ, ತಳದ `$` ಅನ್ನು ಸಾಲಿನ `$`ಗೆ ಹೊಂದಿಸಿ ಖಾಲಿಯಾಗುತ್ತದೆ. ಇದಕ್ಕೆ ತೆರುವ ಬೆಲೆಯೂ ಇದೆ. ಇಣುಕಿ ಕಂಡ ಗುರುತನ್ನು ಎಲ್ಲಾದರೂ ನೆನಪಿಟ್ಟುಕೊಳ್ಳಬೇಕಲ್ಲ, ಅದಕ್ಕೆ ಸ್ಥಿತಿಗಳು ಬೇಕಾಗುತ್ತವೆ: `(`, `)`, `[`, `]`, `$` ಪ್ರತಿಯೊಂದಕ್ಕೂ ಒಂದು, ಇನ್ನೂ ಇಣುಕದೆ ಇರುವಾಗಿನದು ಮತ್ತೊಂದು. ಒಂದೇ ಸ್ಥಿತಿಯಲ್ಲಿ ಕೆಲಸ ಮುಗಿಸುತ್ತಿದ್ದ ಯಂತ್ರಕ್ಕೆ ಈಗ ಆರು.