ಹೆಡಿಂಗ್ಲಿಯ ಬೋರ್ಡಿನಲ್ಲಿದ್ದ ಮೂರು ದರಗಳು

1981ರ ಹೆಡಿಂಗ್ಲಿ ಟೆಸ್ಟ್. ಫಾಲೋಆನ್ ಪಡೆದ ಇಂಗ್ಲೆಂಡ್ ಗೆಲುವಿಗೆ ಲ್ಯಾಡ್‌ಬ್ರೋಕ್ಸ್ ಕೊಟ್ಟ ದರ 500/1. ಡ್ರಾಗೆ 5/2, ಆಸ್ಟ್ರೇಲಿಯಾಕ್ಕೆ 1/4.

ಈ ಬ್ರಿಟಿಷ್ ಭಿನ್ನರಾಶಿಯಲ್ಲಿ ಮೇಲಿನದು ಲಾಭ, ಕೆಳಗಿನದು ಹೂಡಿದ ಹಣ. ಡ್ರಾ ಮೇಲೆ 2 ಪೌಂಡ್ ಕಟ್ಟಿ ಗೆದ್ದರೆ 5 ಪೌಂಡ್ ಲಾಭ. ಭಾಗಿಸಿದರೆ 2.5; ಅದಕ್ಕೆ ಹೂಡಿಕೆಯ 1 ಕೂಡಿಸಿದರೆ ದಶಮಾಂಶ ದರ 3.50. ಕಟ್ಟಿದ ಪ್ರತಿ ಪೌಂಡಿಗೆ ಕೈಗೆ ಬರುವ ಒಟ್ಟು ಮೊತ್ತವಿದು. ಈ 1 ಕೂಡಿಸಲು ಮರೆತರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಅಮೆರಿಕದ ಮನಿಲೈನ್ ನೂರರ ಲೆಕ್ಕ. 100 ಡಾಲರಿಗೆ 250 ಲಾಭವಾದ್ದರಿಂದ ಡ್ರಾ +250. ಆಸ್ಟ್ರೇಲಿಯಾದಂಥ ನೆಚ್ಚಿನ ತಂಡಕ್ಕೆ ಲೆಕ್ಕ ತಿರುವುಮುರುವು: 100 ಗೆಲ್ಲಲು 400 ಕಟ್ಟಬೇಕು, ಆದ್ದರಿಂದ -400. ದಶಮಾಂಶದಲ್ಲಿ 1.25.

ಸಂಭವನೀಯತೆ ಬೇಕೆಂದರೆ 100ನ್ನು ದಶಮಾಂಶ ದರದಿಂದ ಭಾಗಿಸಿ. ಆಸ್ಟ್ರೇಲಿಯಾಕ್ಕೆ ಶೇ. 80, ಡ್ರಾಗೆ 28.6, ಇಂಗ್ಲೆಂಡಿಗೆ (100 ÷ 501) ಬರೀ 0.2. ಕೂಡಿಸಿದರೆ 108.8! ನೂರನ್ನು ಮೀರಿದ ಈ 8.8ರಲ್ಲೇ ಬುಕ್ಕಿಯ ಲಾಭ ಅಡಗಿದೆ. ಹಾಗಾಗಿ ದರ ಹೇಳುವ ಸಂಭವ ನಿಜವಾದದ್ದಕ್ಕಿಂತ ಸಾಮಾನ್ಯವಾಗಿ ತುಸು ಉಬ್ಬಿರುತ್ತದೆ.

ಆ ಟೆಸ್ಟನ್ನು ಇಂಗ್ಲೆಂಡ್ 18 ರನ್ನುಗಳಿಂದ ಗೆದ್ದಿತು. ಎದುರಾಳಿ ತಂಡದ ಡೆನಿಸ್ ಲಿಲ್ಲಿ ಇಂಗ್ಲೆಂಡ್ ಮೇಲೆ ಕಟ್ಟಿದ್ದ 10 ಪೌಂಡಿಗೆ 5,000 ಪೌಂಡ್ ಲಾಭ ಬಂತು. ಇಂದಾದರೆ ಅಂಥ ಆಟಗಾರನಿಗೆ ನಿಷೇಧ ಖಚಿತ.