ಫೋಟೋ ಮುಗಿದಲ್ಲಿ ಸೀರೆ ಮುಗಿಯುವುದಿಲ್ಲ

ಹಳೆಯ ಫೋಟೋವನ್ನು ದೊಡ್ಡದು ಮಾಡಿಸಲು ಸ್ಟುಡಿಯೋಗೆ ಬರುವವರಲ್ಲಿ ಕೆಲವರು ಇನ್ನೊಂದು ಕೋರಿಕೆಯನ್ನೂ ತರುತ್ತಾರೆ: ‘ಅಜ್ಜಿ ಮೊಣಕಾಲಿನ ತನಕ ಮಾತ್ರ ಬಂದಿದ್ದಾರೆ, ಪೂರ್ತಿ ನಿಂತ ಹಾಗೆ ಮಾಡಿಕೊಡಿ.’ ಫೋಟೋದಲ್ಲಿ ಇಲ್ಲದ ಸೀರೆಯ ಕೆಳಭಾಗವನ್ನೂ ಪಕ್ಕದಲ್ಲಿ ಕತ್ತರಿಸಿಹೋದ ರವಿಕೆ ತೋಳನ್ನೂ ಈಗ ಹೊಸದಾಗಿ ಮೂಡಿಸಬೇಕು. ಇದರಲ್ಲಿ ಕಲ್ಪನೆಗೆ ಇರುವ ಜಾಗ ಬಹಳ ಕಡಿಮೆ. ಕಾಣದ ಬಟ್ಟೆ ಹೇಗಿರಬೇಕೆಂಬುದನ್ನು ಬಹುಪಾಲು ಕಾಣುವ ಬಟ್ಟೆಯೇ ಹೇಳಿರುತ್ತದೆ.

ಚೌಕುಳಿಯ ಇಳಕಲ್ ಸೀರೆ ಉಟ್ಟ ಅಜ್ಜಿಯ ಕಪ್ಪು ಬಿಳುಪು ಫೋಟೋ ಇದೆ ಎಂದುಕೊಳ್ಳಿ. ಸುಲಭದ ದಾರಿ ಎಂದು ಕೆಲವರು ಸೀರೆಯ ಭಾಗವನ್ನಷ್ಟೇ ಹಿಡಿದು ಕೆಳಕ್ಕೆ ಎಳೆದುಬಿಡುತ್ತಾರೆ. ಚೌಕುಳಿಯನ್ನು ನೋಡಿದರೆ ಸಾಕು, ಗುಟ್ಟು ರಟ್ಟಾಗುತ್ತದೆ: ಎದೆಯ ಮೇಲೆ ಚೌಕವಾಗಿದ್ದ ಮನೆಗಳು ತೊಡೆಯ ಕೆಳಗೆ ಉದ್ದುದ್ದ ಆಗಿರುತ್ತವೆ. ಆದ್ದರಿಂದ ಮೂಲ ಚಿತ್ರಕ್ಕೆ ಕೈಹಚ್ಚದೆ, ಅದನ್ನು ಬೇರೆ ಪದರದಲ್ಲಿ ಬೀಗ ಹಾಕಿಟ್ಟು, ಕೆಳಗೆ ಖಾಲಿ ಜಾಗ ಸೇರಿಸಿಕೊಂಡು ಕೆಲಸ ಶುರು ಮಾಡಬೇಕು.

ಎಷ್ಟು ಜಾಗ? ಅದಕ್ಕೆ ತಲೆಯೇ ಅಳತೆಗೋಲು. ವಯಸ್ಕರ ಎತ್ತರ ಸುಮಾರಾಗಿ ಅವರ ತಲೆಯ ಏಳರಿಂದ ಏಳೂವರೆ ಪಟ್ಟು. ನೆತ್ತಿಯಿಂದ ಗದ್ದದವರೆಗೆ ಫೋಟೋದಲ್ಲಿ 2 ಸೆಂ.ಮೀ. ಇದ್ದರೆ ನೆಲ ನೆತ್ತಿಯಿಂದ 14ರಿಂದ 15 ಸೆಂ.ಮೀ. ಕೆಳಗಿರುತ್ತದೆ. ಫೋಟೋ 10 ಸೆಂ.ಮೀ.ಗೆ ನಿಂತಿದ್ದರೆ ಉಳಿದದ್ದು ನಾಲ್ಕೈದು ಸೆಂ.ಮೀ. ಸೀರೆ ಪಾದವನ್ನು ಮುಟ್ಟುವಂತೆ ಉಟ್ಟಿರುವುದರಿಂದ ಅಂಚು ನೆಲಕ್ಕಿಂತ ತುಸು ಮೇಲೆ ಬರುತ್ತದೆ. ಎತ್ತಿ ಕಟ್ಟಿದ ತುರುಬನ್ನು ಮಾತ್ರ ತಲೆಯ ಲೆಕ್ಕಕ್ಕೆ ಸೇರಿಸಬಾರದು. ಸೇರಿಸಿದರೆ ಅಜ್ಜಿ ವಿನಾಕಾರಣ ಉದ್ದವಾಗುತ್ತಾರೆ.

ಮುಂದಿನದು ನೆರಿಗೆ. ಮೊದಲು ಉಡುವ ಬಗೆಯನ್ನು ಗುರುತಿಸಬೇಕು. ಕಚ್ಚೆ ಹಾಕಿದ್ದರೆ ಕೆಳಭಾಗದ ಆಕಾರವೇ ಬೇರೆ. ಮುಂದೆ ನೆರಿಗೆ ಹಿಡಿದ ಸೀರೆಯಾದರೆ ಕತ್ತರಿಸಿದ ಗೆರೆಯ ಮೇಲೆ ಎಷ್ಟು ನೆರಿಗೆ ಕಾಣುತ್ತವೆ ಎಂದು ಎಣಿಸಬೇಕು. ಅಲ್ಲಿ ಆರು ಇದ್ದರೆ ಪಾದದ ಬಳಿಯೂ ಆರೇ ಇರಬೇಕು. ಕೆಳಗೆ ಹೋದಂತೆ ಅವು ತುಸು ಅಗಲವಾಗುತ್ತವೆಯೇ ಹೊರತು ಹುಟ್ಟುವುದೂ ಇಲ್ಲ, ಮಾಯವಾಗುವುದೂ ಇಲ್ಲ. ಪಕ್ಕದ ತುಣುಕುಗಳನ್ನು ನಕಲು ಮಾಡಿ ಖಾಲಿ ಜಾಗ ತುಂಬುವ ಸಾಧನಗಳು ತಪ್ಪುವುದು ಇಲ್ಲೇ. ಸೊಂಟದ ಬಳಿಯ ಮಡಿಕೆಯನ್ನು ತಂದು ಮೊಣಕಾಲಿನ ಕೆಳಗೆ ಕೂರಿಸುತ್ತವೆ.

ಅಂಚಿನ ಅಗಲಕ್ಕೆ ಸೆರಗಿನ ಭಾಗ ಸಾಕ್ಷಿ. ಬಟ್ಟೆ ಮಡಿಕೆಯಿಲ್ಲದೆ ನೇರವಾಗಿ ಕಾಣುವ ಕಡೆ ಅಂಚನ್ನು ಅಳೆದು, ಅದೇ ಅಗಲವನ್ನು ಕೆಳಗೂ ಇಡಬೇಕು. ಮೇಲೊಂದು ಕೆಳಗೊಂದು ಅಳತೆಯ ಅಂಚಿರುವ ಸೀರೆಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಂಚಿನ ಗೆರೆ ಪ್ರತಿ ನೆರಿಗೆಯಲ್ಲೂ ಮುರಿದು ಮುಂದುವರಿಯುತ್ತದೆ, ರಿಬ್ಬನ್ ಅಂಟಿಸಿದಂತೆ ಒಂದೇ ಸಮ ಓಡುವುದಿಲ್ಲ. ಇದರ ಜೊತೆಗೆ ಕ್ಯಾಮೆರಾದ ಎತ್ತರವೂ ಇದೆ. ಪಕ್ಕದ ಕುರ್ಚಿಯ ಕೈ ಮೇಲಿನಿಂದ ಕಾಣುತ್ತಿದ್ದರೆ ಕ್ಯಾಮೆರಾ ಅದಕ್ಕಿಂತ ಮೇಲಿತ್ತು, ಅಂದರೆ ಪಾದವನ್ನು ಮೇಲಿನಿಂದಲೇ ನೋಡುತ್ತಿತ್ತು. ಹಾಗಿದ್ದಾಗ ಸೀರೆಯ ಸುತ್ತಳತೆ ಮುಂಭಾಗದಲ್ಲಿ ಮೆಲ್ಲಗೆ ಕೆಳಕ್ಕೆ ಬಾಗಬೇಕು. ಸ್ಕೇಲ್ ಇಟ್ಟು ಗೆರೆ ಎಳೆದಂತಿದ್ದರೆ ಅಜ್ಜಿ ನೆಲದ ಮೇಲೆ ನಿಂತಂತೆ ಕಾಣುವುದಿಲ್ಲ.

ಆ ಸೀರೆ ಇನ್ನೂ ಬೀರುವಿನಲ್ಲಿದ್ದರೆ ಅದಕ್ಕಿಂತ ಭಾಗ್ಯವಿಲ್ಲ. ಅಜ್ಜಿಯಷ್ಟೇ ಎತ್ತರದ ಮಗಳಿಗೋ ಮೊಮ್ಮಗಳಿಗೋ ಅದನ್ನೇ ಉಡಿಸಿ, ಅದೇ ದಿಕ್ಕಿನ ಬೆಳಕಿನಲ್ಲಿ, ಅದೇ ಎತ್ತರ ಮತ್ತು ದೂರದಿಂದ ಫೋಟೋ ತೆಗೆದು ಕೆಳಭಾಗವನ್ನು ಅಲ್ಲಿಂದ ತರಬಹುದು. ನಾನಂತೂ ಎಲ್ಲರಿಗೂ ಮೊದಲು ಇದನ್ನೇ ಹೇಳುತ್ತೇನೆ.

ತೋಳಿನ ವಿಷಯ ಇನ್ನೂ ನಾಜೂಕು. ಬಲತೋಳು ಕತ್ತರಿಸಿಹೋಗಿದೆ, ಎಡತೋಳು ಸೆರಗಿನ ಕೆಳಗೆ ಅರ್ಧ ಕಾಣುತ್ತದೆ. ರವಿಕೆ ಒಂದೇ ಆದ್ದರಿಂದ ತೋಳಿನ ಉದ್ದ, ತುದಿಯ ಪಟ್ಟಿ, ಬಿಗಿತ ಎಲ್ಲವೂ ಎಡಗಡೆ ಸಿಗುತ್ತವೆ. ಆದರೆ ಎಡತೋಳನ್ನೇ ಮಗುಚಿ ಬಲಕ್ಕೆ ಅಂಟಿಸಬಾರದು. ಬೆಳಕು ಎಡದಿಂದ ಬಿದ್ದಿದ್ದರೆ, ಮಗುಚಿದ ತೋಳು ಬೆಳಕು ಬಲದಿಂದ ಬಂದಿದೆ ಎನ್ನುತ್ತದೆ. ಕಣ್ಣಿಗೆ ಕಾರಣ ಹೊಳೆಯದಿದ್ದರೂ ಏನೋ ತಪ್ಪಿದೆ ಅನಿಸುತ್ತದೆ. ಅಳತೆಯನ್ನಷ್ಟೇ ಎಡದಿಂದ ತಂದು, ನೆರಳನ್ನು ಬಲಗೆನ್ನೆಯ, ಬಲಭುಜದ ನೆರಳು ನೋಡಿ ಹಚ್ಚಬೇಕು. ಹಳೆಯ ಫೋಟೋದ ಕಾಳು, ತುಸು ಮಸುಕು ಎರಡನ್ನೂ ಹೊಸ ಭಾಗಕ್ಕೂ ಕೊಡಬೇಕು, ಇಲ್ಲದಿದ್ದರೆ ಹೊಸ ತೋಳು ಮುಖಕ್ಕಿಂತ ಚೊಕ್ಕವಾಗಿ ಎದ್ದು ಕಾಣುತ್ತದೆ.

ರವಿಕೆ ತೋಳು ಮುಗಿದ ಮೇಲೆ ಕೈ ಎಲ್ಲಿತ್ತು? ಕುರ್ಚಿಯ ಮೇಲೋ, ಮಗುವಿನ ಹೆಗಲ ಮೇಲೋ, ಫೋಟೋ ಹೇಳುವುದಿಲ್ಲ. ಅಂಥಲ್ಲಿ ಬೆರಳು, ಬಳೆ, ಉಂಗುರಗಳನ್ನು ಕಲ್ಪಿಸಿ ಅಜ್ಜಿಗೆ ತೊಡಿಸುವುದನ್ನು ನಾನು ಒಪ್ಪುವುದಿಲ್ಲ. ಚಿತ್ರವನ್ನು ಕೆಳಕ್ಕೆ ಬೆಳೆಸಿ, ಪಕ್ಕಕ್ಕೆ ರವಿಕೆ ತೋಳಿನ ಪಟ್ಟಿ ದಾಟಿದ ಕೂಡಲೇ ನಿಲ್ಲಿಸಬೇಕು. ಮೂಲದ ಸ್ಕ್ಯಾನ್ ಪ್ರತಿಯನ್ನು ಮನೆಯವರಿಗೆ ಬೇರೆಯಾಗಿ ಕೊಟ್ಟು, ಹೊಸ ಪ್ರಿಂಟಿನ ಹಿಂಬದಿಯಲ್ಲಿ ಮೊಣಕಾಲಿನ ಕೆಳಗಿನದು ಮತ್ತು ಬಲತೋಳು ಆಮೇಲೆ ಸೇರಿಸಿದ್ದು ಎಂದು ಪೆನ್ಸಿಲಿನಲ್ಲಿ ಬರೆಯಬೇಕು.